ಗಿರಿಕನ್ಯೆ ಪ್ಯಾಕೆಟ್ಟಿನ ಹಿಂಬದಿ

ಅಂಜಿನಮ್ಮನಿಗೆ ಕೂತಲ್ಲಿ ಕೂರೋಕಾಗಲ್ಲ. ಶ್ರೀರಾಂಪುರದ ಅವಳ ಬೀದಿಯಲ್ಲಿ ಇದನ್ನು ಕಾಯಿಲೆ ಅನ್ನುವವರಿದ್ದಾರೆ, ವ್ಯಾಪಾರದ ಬುದ್ಧಿ ಅನ್ನುವವರೂ ಇದ್ದಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಹೂವು ಮಾರಿದಳು. ಸಂಜೆಯೊಳಗೆ ಬಾಡೋ ಮಾಲು ಇಟ್ಕೊಂಡು ಯಾರು ಏಗ್ತಾರೆ ಅಂತ ಬಿಟ್ಟಳು. ಆಮೇಲೆ ಇಡ್ಲಿ. ಇಡ್ಲಿಗಿಂತ ಚಟ್ನಿಯನ್ನೇ ಎರಡೆರಡು ಸಲ ಹಾಕಿಸಿಕೊಳ್ಳುವ ಗಿರಾಕಿಗಳನ್ನು ಎಂಟು ವರ್ಷ ಸಹಿಸಿ, ಅದನ್ನೂ ಬಿಟ್ಟಳು. ಕಾಫಿಗೆ ಯಾರೂ ಚಟ್ನಿ ಕೇಳಲ್ಲ ಅನ್ನುವುದು ಹೊಳೆದ ದಿನ ಎರಡು ಸ್ಟೀಲ್ ಕ್ಯಾನ್ ಕೊಂಡು, ಸೆಕೆಂಡ್ ಹ್ಯಾಂಡ್ ಮೊಪೆಡ್‌ನ ಇಕ್ಕೆಲದಲ್ಲೂ ಕಟ್ಟಿ, ಮಲ್ಲೇಶ್ವರದ ಅಂಗಡಿ, ಕ್ಲಿನಿಕ್, ಟೈಲರ್ ಶಾಪುಗಳಿಗೆ ಸುತ್ತೋಕೆ ಶುರು ಮಾಡಿದಳು. ಈಗ ಐವತ್ತೆರಡು ವಯಸ್ಸು. ಮಂಡಿ ಮಾತ್ರ ಅರವತ್ತರದು.

ಅಂಥ ಮಂಡಿಗೆ ಒಂದೇ ಜಾಗದಲ್ಲಿ ನಿಲ್ಲೋ ವ್ಯಾಪಾರ ಬೇಕಿತ್ತು. ಅದು ಸಂಪಿಗೆ ರಸ್ತೆಯ ಒಳಗಿನ ಅಡ್ಡರಸ್ತೆಯಲ್ಲಿದ್ದ ಒಂದು ಸಹಕಾರಿ ಸೊಸೈಟಿಯ ರೂಪದಲ್ಲಿ ಕಾಣಿಸಿತು. ನಲವತ್ತು ಜನ, ದಿನಕ್ಕೆ ಎರಡು ಸಲ, ಎಂಬತ್ತು ಕಪ್ಪು. ಮೆಟ್ಟಿಲ ಕೆಳಗೆ ಒಲೆ, ಸಿಂಕು, ಒಂದು ಶೆಲ್ಫು. ಇಪ್ಪತ್ತೊಂದು ವರ್ಷ ಅಲ್ಲಿ ಕಾಫಿ ಮಾಡಿದ ರಾಮಾಂಜಿನಪ್ಪ ಹೋದ ತಿಂಗಳು ಶಾಲು, ಪೇಟ, ಹಣ್ಣಿನ ಬುಟ್ಟಿ ತಗೊಂಡು ಗೌರಿಬಿದನೂರಿನ ಕಡೆ ಮಗಳ ಮನೆಗೆ ಹೋಗಿಬಿಟ್ಟಿದ್ದ.

ಸೊಸೈಟಿಯ ಮ್ಯಾನೇಜರ್ ಶೈಲಜಮ್ಮ. ಮಾತು ಕಮ್ಮಿ, ಕನ್ನಡಕದ ಮೇಲಿಂದ ನೋಡೋದು ಜಾಸ್ತಿ. ಆಕೆ ಹೇಳಿದ್ದಿಷ್ಟು: ಸೋಮವಾರದಿಂದ ಮೂರು ದಿನ ಕಾಫಿ ಕೊಡಿ, ರಾಮಾಂಜಿನಪ್ಪನ ಕಾಫಿ ಥರಾನೇ ಇದ್ದರೆ ವರ್ಷಕ್ಕೆ ಬರೆದು ಕೊಡ್ತೀವಿ, ಇಲ್ಲದಿದ್ದರೆ ಮೆಷಿನ್ ಇಡಿಸ್ತೀವಿ. ಮೆಷಿನ್‌ನವನು ಆಗಲೇ ಕಾರ್ಡು ಕೊಟ್ಟು ಹೋಗಿದ್ದ. ಆ ಕಾರ್ಡು ಶೈಲಜಮ್ಮನ ಟೇಬಲ್ ಗ್ಲಾಸಿನ ಕೆಳಗೆ, ಅಂಜಿನಮ್ಮನ ಕಣ್ಣಿಗೆ ಬೀಳೋ ಹಾಗೇ ಇತ್ತು.

ಯಾವ ಪುಡಿ ಅಂತ ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಕುಡಿದವರು ಒಬ್ಬರೂ ಶೆಲ್ಫಿನ ಕಡೆ ತಿರುಗಿ ನೋಡಿರಲಿಲ್ಲ. ಅಂಜಿನಮ್ಮ ನಂಬರ್ ಇಸ್ಕೊಂಡು ರಾಮಾಂಜಿನಪ್ಪನಿಗೇ ಫೋನ್ ಮಾಡಿದಳು. ಅವನು ಮೊಮ್ಮಕ್ಕಳ ವಿಷಯ ಹೇಳಿದ, ಊರಿನ ನೀರಿನ ವಿಷಯ ಹೇಳಿದ, ಪುಡಿಯ ವಿಷಯಕ್ಕೆ ಬಂದಾಗ ಮಾತ್ರ, "ಪುಡೀಲೇನಿದೆ ತಾಯಿ, ಎಲ್ಲಾ ಕೈಯಲ್ಲಿರೋದು" ಅಂದು ನಕ್ಕು ಇಟ್ಟುಬಿಟ್ಟ. ರಿಟೈರ್ ಆದ ಮೇಲೂ ಗುಟ್ಟು ಬಿಡದವನನ್ನು ಅವಳು ಮನಸ್ಸಿನಲ್ಲೇ ಮೆಚ್ಚಿಕೊಂಡಳು, ಬೈದುಕೊಂಡಳು ಕೂಡ. ಅವನ ಜಾಗದಲ್ಲಿದ್ದಿದ್ದರೆ ತಾನೂ ಹೇಳುತ್ತಿರಲಿಲ್ಲ.

ಉಳಿದದ್ದು ಒಂದು ಫೋಟೋ. ಕೌಂಟರಿನ ಕ್ಲರ್ಕ್ ಹುಡುಗಿ ರಕ್ಷಿತಾ ಬೀಳ್ಕೊಡುಗೆ ದಿನ ಅದನ್ನು ತೆಗೆದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಳು. ಒಲೆ ಮುಂದೆ ಶಾಲು ಹೊದ್ದು ನಿಂತ ರಾಮಾಂಜಿನಪ್ಪ. ಅವನ ಮೊಣಕೈ ಹಿಂದೆ ಶೆಲ್ಫಿನಲ್ಲಿ ಒಂದು ಪ್ಯಾಕೆಟ್ಟು. ಅರ್ಧ ಮೊಣಕೈಗೆ ಮುಚ್ಚಿಹೋಗಿದೆ. ಕಂಡಷ್ಟರಲ್ಲಿ ಮರೂನ್ ಬಣ್ಣ, ಕೆಳಗೆ ಹಳದಿ ಪಟ್ಟಿ, ಒಂದು ಜಡೆಯ ತುದಿ.

ರಕ್ಷಿತಾ ಫೋಟೋವನ್ನು ಫೋನಿನಲ್ಲಿ ಹುಡುಕಲು ಕೊಟ್ಟಳು. ಫೋನು ಬಹಳ ಜಾಣತನದಿಂದ ರಾಮಾಂಜಿನಪ್ಪನ ಶಾಲನ್ನು ಗುರುತು ಹಿಡಿದು, ಅದೇ ಥರದ ಹನ್ನೆರಡು ಶಾಲು ಎಲ್ಲೆಲ್ಲಿ ಸಿಗುತ್ತೆ ಅಂತ ತೋರಿಸಿತು. ಪ್ಯಾಕೆಟ್ಟಷ್ಟನ್ನೇ ಕತ್ತರಿಸಿ ಕೊಟ್ಟಾಗ ಮರೂನ್ ಬಣ್ಣದ ಟೀ ಪುಡಿ ತೋರಿಸಿತು. ದೊಡ್ಡದು ಮಾಡಿ ನೋಡಿದರೆ ಜಡೆ ಕರಗಿ ಬರೀ ಚೌಕ ಚೌಕ.

"ಆಂಟಿ, ಗ್ರೂಪಿಗೆ ಹೋದ ಫೋಟೋ ಸಣ್ಣದಾಗಿ ಹೋಗಿರುತ್ತೆ. ನನ್ ಫೋನಲ್ಲಿರೋ ಒರಿಜಿನಲ್ಲನ್ನ ಡಾಕ್ಯುಮೆಂಟ್ ಥರ ಕಳಿಸ್ತೀನಿ, ಇರಿ" ಅಂದಳು ರಕ್ಷಿತಾ.

ಒರಿಜಿನಲ್ಲಿನಲ್ಲಿ ಜಡೆಯ ಎಳೆ ಎಣಿಸಬಹುದಿತ್ತು. ಹಳದಿ ಪಟ್ಟಿಯ ಮೇಲೆ ಎರಡರ ಅಂಕಿ, ಅದರ ಪಕ್ಕ ಸೊನ್ನೆ, ಮುಂದಿನದ್ದು ಮೊಣಕೈಗೆ ಮುಚ್ಚಿಹೋಗಿತ್ತು. ಹೆಸರಿನದ್ದು ಕೊನೆಯ ಒಂದಕ್ಷರ ಮಾತ್ರ: ನ್ಯೆ.

ಶನಿವಾರ ಅಂಜಿನಮ್ಮ ಮನೆ ಹತ್ತಿರದ ನಾಲ್ಕು ಅಂಗಡಿಗೆ ಫೋಟೋ ತೋರಿಸಿದಳು. ಮೊದಲನೆಯವನು ತನ್ನಲ್ಲಿರೋದೇ ಅದು ಅಂದ. ಎರಡನೆಯವನೂ ತನ್ನಲ್ಲಿರೋದೇ ಅದು ಅಂದ. ಇಬ್ಬರಲ್ಲಿದ್ದದ್ದೂ ಬೇರೆ ಬೇರೆ. ಮಾಲು ಖಾಲಿ ಮಾಡೋರ ಮಾತು ಎಲ್ಲಿಂದ ಬರುತ್ತೆ ಅನ್ನೋದು ಅವಳಿಗೆ ಗೊತ್ತಿರದ್ದಲ್ಲ. ಮೊಪೆಡ್ ಹತ್ತಿ ಚಾಮರಾಜಪೇಟೆಗೆ ಹೊರಟಳು.

ಅಲ್ಲಿ ವೇಣುಗೋಪಾಲ್ ಅನ್ನುವವನು ಹೋಟೆಲಿನವರಿಗೆ ಟೀ, ಕಾಫಿ ಪುಡಿ ಸಗಟಾಗಿ ಮಾರುತ್ತಿದ್ದ. ಮೂವತ್ತು ವರ್ಷದಿಂದ ಅದೇ ಗಲ್ಲಾ, ಅದೇ ಸ್ಟೂಲು. ತಾನು ಮಾತ್ರ ಕಾಫಿ ಕುಡಿಯಲ್ಲ, ಆಸಿಡಿಟಿ. ಅವನು ಫೋಟೋದಲ್ಲಿ ಬಣ್ಣವನ್ನೂ ನೋಡಲಿಲ್ಲ, ಅಕ್ಷರವನ್ನೂ ನೋಡಲಿಲ್ಲ. ಪ್ಯಾಕೆಟ್ಟಿನ ಪಕ್ಕದ ಮಡಿಕೆ ನೋಡಿದ, ಮೇಲಿನ ಸೀಲಿನ ಗೆರೆ ನೋಡಿದ.

"ಗಿರಿಕನ್ಯೆ. ಇನ್ನೂರು ಗ್ರಾಮಿಂದು" ಅಂದ. "ಮರೂನ್ ಬಣ್ಣ ಹತ್ತು ಜನ ಹಾಕ್ತಾರೆ ಅಕ್ಕ. ಹಿಂಗೆ ಪಕ್ಕದಲ್ಲಿ ಮಡಿಸಿ ನಿಲ್ಲಿಸೋ ಪ್ಯಾಕೆಟ್ಟು, ತಲೆ ಮೇಲೆ ಎರಡು ಸೀಲು, ಅವರೊಬ್ಬರೇ."

ಒಳಗಿನಿಂದ ಒಂದು ಪ್ಯಾಕೆಟ್ಟು ತಂದು ಫೋನಿನ ಪಕ್ಕ ನಿಲ್ಲಿಸಿದ. ಜಡೆ ಹಾಕಿದ ಹುಡುಗಿ, ಹಳದಿ ಪಟ್ಟಿ, ಕೊನೆಯ ನ್ಯೆ. ಅಂಜಿನಮ್ಮ ಎರಡು ನಿಮಿಷ ಅದನ್ನೂ ಇದನ್ನೂ ನೋಡಿದಳು. ಸುಳ್ಳು ಹುಡುಕೋಕೆ ಜಾಗ ಸಿಗಲಿಲ್ಲ.

ಇನ್ನೂರರ ಪ್ಯಾಕೆಟ್ಟು ಮೂರೇ ಉಳಿದಿದ್ದವು. ಈ ಕಡೆಗೆ ಅದನ್ನು ಹಾಕೋದು ಡಿಸ್ಟ್ರಿಬ್ಯೂಟರ್ ನಿಲ್ಲಿಸಿದ್ದಾನೆ, ಇನ್ನು ಬಂದರೆ ಕೆಜಿ ಪ್ಯಾಕೆಟ್ಟೇ ಅಂತ ವೇಣುಗೋಪಾಲ್ ಹೇಳಿದ. ಅವಳು ಪ್ಯಾಕಿಂಗ್ ತಾರೀಖು ನೋಡಿ ಮೂರನ್ನೂ ತಗೊಂಡಳು.

ಸೋಮವಾರ ಗೆದ್ದಳು. ಎಂಬತ್ತು ಕಪ್ಪಿಗೆ ಎರಡೂವರೆ ಪ್ಯಾಕೆಟ್ಟಿನಷ್ಟು ಹಿಡಿಯಿತು. ಅರ್ಧ ಪ್ಯಾಕೆಟ್ಟು ಉಳಿದದ್ದನ್ನು ರಬ್ಬರ್ ಹಾಕಿ ಇಟ್ಟಳು. ಕಪ್ಪುಗಳೆಲ್ಲ ತಳ ಕಾಣಿಸಿಕೊಂಡು ವಾಪಸ್ ಬಂದವು. ಯಾರೋ ಒಬ್ಬರು ರಾಮಾಂಜಿನಪ್ಪ ವಾಪಸ್ ಬಂದ್ಬಿಟ್ರಾ ಅಂತ ಕೇಳಿದರಂತೆ. ಶೈಲಜಮ್ಮ ಖಾಲಿ ಕಪ್ಪು ಬದಿಗಿಟ್ಟು ಫೈಲು ಬಿಚ್ಚಿದರು. ಅದೇ ಆಕೆಯ ಹೊಗಳಿಕೆ ಅಂತ ರಕ್ಷಿತಾ ಸಮಾಧಾನ ಮಾಡಿದಳು.

ಆ ಸಂಜೆ ಅಂಜಿನಮ್ಮ ಉಪ್ಪಾರಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಗಿರಿಕನ್ಯೆಯ ಕೆಜಿ ಪ್ಯಾಕೆಟ್ಟು ಕೊಂಡಳು. ಚಾಮರಾಜಪೇಟೆಗೆ ಮತ್ತೆ ಹೋಗಿಬರೋ ಪೆಟ್ರೋಲು ಉಳಿಯಿತು. ಅದೇ ಹುಡುಗಿ, ಅದೇ ಜಡೆ, ಅದೇ ಮರೂನು. ಬೆಲೆ ಕೇಳಿದಾಗ ಅವಳ ಎದೆ ಸಣ್ಣಗೆ ಕುಣಿಯಿತು: ಚಿಕ್ಕ ಪ್ಯಾಕೆಟ್ಟು ಐದು ಕೊಂಡರೆ ಒಂದು ಕೆಜಿ, ಇದು ಮೂರರ ದುಡ್ಡಿಗೇ ಬಂತು. ದೊಡ್ಡದು ಕೊಂಡರೆ ಅಗ್ಗ, ಇದು ಹೂವಿನ ಕಾಲದಿಂದ ಕಲಿತ ಪಾಠ. ಅಗ್ಗ ಅನ್ನೋದು ಎಷ್ಟಾದರೆ ಅನುಮಾನ ಪಡಬೇಕು ಅನ್ನೋ ಪಾಠ ಮಾತ್ರ ಹೂವಿನಲ್ಲಿರಲಿಲ್ಲ. ಬೇರೆಯವರು ಹೀಗೆ ಕೊಂಡಿದ್ದರೆ ಅವಳೇ ನಗುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಐದೂವರೆಗೆ ದೊಡ್ಡ ಫಿಲ್ಟರಿಗೆ ಪುಡಿ ತುಂಬಿ, ಕುದಿಯೋ ನೀರು ಹುಯ್ದು, ಮುಚ್ಚಳ ಮುಚ್ಚಿದಳು. ಅರ್ಧ ಗಂಟೆ ಬಿಟ್ಟು ನೋಡಿದರೆ ನೀರು ಮೇಲೇ ನಿಂತಿದೆ. ಕೆಳಗೆ ಹನಿ ಹನಿ. ಫಿಲ್ಟರ್ ತಟ್ಟಿದಳು, ಕೆಳಗಿಳಿಸಿ ತೂತು ನೋಡಿದಳು, ಮತ್ತೆ ತಟ್ಟಿದಳು. ಪುಡಿ ಊದಿಕೊಂಡು ಅಂಟಂಟಾಗಿ ಕೂತುಬಿಟ್ಟಿತ್ತು. ಬಾಗಿಲಿಗೆ ಹೋದಳು, ಒಳಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ನೀರು ಅವಳನ್ನು ನೋಡಿ ಇಳಿಯೋದಿಲ್ಲವಲ್ಲ. ಕೊನೆಗೆ ಸಿಕ್ಕಿದ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ, ನೋಡೋಕೆ ಬಹಳ ಭರವಸೆ ಕೊಡುವಂತಿತ್ತು. ಸೊಸೈಟಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದಳು.

ಕಪ್ಪುಗಳು ಅರ್ಧರ್ಧ ತುಂಬಿಕೊಂಡು ವಾಪಸ್ ಬಂದವು. ಸುಟ್ಟ ಬೆಲ್ಲದ ಥರ ಒಂದು ಸಿಹಿ, ಅದರ ಹಿಂದೆ ಕಹಿ, ಕಾಫಿಯ ಘಮ ಮಾತ್ರ ಇಲ್ಲ. ಒಂದು ಕಪ್ಪಿನಲ್ಲಿ ಯಾರೋ ಬಿಸ್ಕತ್ತನ್ನೂ ಅದ್ದಿ ಬಿಟ್ಟಿದ್ದರು. ಹಾಗೆ ಬಿಟ್ಟ ಬಿಸ್ಕತ್ತನ್ನು ಅಂಜಿನಮ್ಮ ಬಹಳ ಹೊತ್ತು ನೋಡಿದಳು.

ಶೈಲಜಮ್ಮ ಕರೆಸಿದಾಗ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟಿದ್ದರು, ಸರಿಯಾಗಿ ಆ ಕಾರ್ಡಿನ ಮೇಲೆ.

"ನಿನ್ನೆ ತೋರಿಸೋಕೆ ಒಂದು ಪುಡಿ, ಇವತ್ತು ಕುಡಿಸೋಕೆ ಒಂದು ಪುಡೀನಾ ಅಂಜಿನಮ್ಮ?"

ಅಂಜಿನಮ್ಮ ಅದೇ ಪುಡಿ ಮೇಡಂ, ಅದೇ ಹೆಸರು ಅಂದಳು. ಪ್ಯಾಕೆಟ್ಟು ತಂದು ತೋರಿಸ್ತೀನಿ ಅಂದಳು. ಶೈಲಜಮ್ಮ, ನಾವು ಪ್ಯಾಕೆಟ್ ಕುಡಿಯಲ್ಲವಲ್ಲ ಅಂದು ಫೈಲಿನ ಕಡೆ ತಿರುಗಿದರು. ನಾಳೆ ಮೂರನೇ ದಿನ ಅಂತ ನೆನಪು ಮಾಡೋ ಅಗತ್ಯ ಇಬ್ಬರಿಗೂ ಇರಲಿಲ್ಲ.

ಮಧ್ಯಾಹ್ನದ ಕಾಫಿಗೆ ಉಳಿದ ಅರ್ಧ ಪ್ಯಾಕೆಟ್ಟು ಹಾಕೋಣ ಅಂತ ಕೈ ಹೋಯಿತು. ತಡೆದಳು. ಇದ್ದ ನಿಜವಾದ ಸ್ಯಾಂಪಲ್ ಅದೊಂದೇ. ಮಧ್ಯಾಹ್ನ ಹಾಲು ಜಾಸ್ತಿ ಮಾಡಿ ಹೇಗೋ ದಾಟಿಸಿದಳು, ಕ್ಯಾನು ತೊಳೆಯೋದನ್ನೂ ಬಿಟ್ಟು ಚಾಮರಾಜಪೇಟೆಗೆ ಹೊರಟಳು. ಮೆಜೆಸ್ಟಿಕ್ ಹತ್ತಿರ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನವರು ಹಾರ್ನ್ ಹೊಡೆಯೋ ಮುಂಚೆ ಇವಳೇ ಮುಂದಿನವರಿಗೆ ಹೊಡೆದಳು. ದೀಪ ಇನ್ನೂ ಕೆಂಪಗೇ ಇತ್ತು.

ವೇಣುಗೋಪಾಲ್ ಮುಂದೆ ಎರಡೂ ಪ್ಯಾಕೆಟ್ಟು ಇಟ್ಟು, ಇದು ಡೂಪ್ಲಿಕೇಟು, ಉಪ್ಪಾರಪೇಟೆಯವನು ಮೋಸ ಮಾಡಿದ ಅಂದಳು. ಅವನು ಎರಡನ್ನೂ ಕೈಗೆತ್ತಿಕೊಳ್ಳಲಿಲ್ಲ, ಒಂದೊಂದನ್ನೇ ಬೆರಳಿನಿಂದ ಬೋರಲು ಮಾಡಿದ.

"ಮುಖ ನೋಡಿ ಕೊಂಡ್ರಿ, ಹಿಂದೆ ತಿರುಗಿಸಿ ನೋಡ್ಲಿಲ್ಲ. ಅಂಕಿ ಓದೋಕೆ ಬರುತ್ತಲ್ಲ ಅಕ್ಕ? ಓದಿ."

ಇಂಗ್ಲಿಷ್ ಅವಳಿಗೆ ಬರಲ್ಲ. ಅಂಕಿಯನ್ನು ಅವಳಿಗಿಂತ ಬೇಗ ಓದುವವರು ಶ್ರೀರಾಂಪುರದಲ್ಲಿ ಕಮ್ಮಿ. ಚಿಕ್ಕದರ ಹಿಂದೆ ಸಣ್ಣಕ್ಷರದ ಸಾಲಿನಲ್ಲಿ ಎಪ್ಪತ್ತು, ಮೂವತ್ತು. ದೊಡ್ಡದರ ಹಿಂದೆ ಅದೇ ಸಾಲಿನಲ್ಲಿ ಐವತ್ತಮೂರು, ನಲವತ್ತೇಳು.

ಮೊದಲನೆಯದು ಕಾಫಿ, ಎರಡನೆಯದು ಚಿಕೋರಿ ಅಂತ ವೇಣುಗೋಪಾಲ್ ಬಿಡಿಸಿ ಹೇಳಿದ. ಚಿಕ್ಕದು ಮನೆಯವರಿಗೆ, ದೊಡ್ಡದು ಹೋಟೆಲಿಗೆ. ಚಿಕೋರಿ ಹೆಚ್ಚಿದ್ದರೆ ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಬರುತ್ತೆ, ಒಂದು ಕೆಜಿಗೆ ನಾಲ್ಕು ಕಪ್ಪು ಜಾಸ್ತಿ ಹೊರಡುತ್ತೆ, ಬೆಲೆಯೂ ಇಳಿಯುತ್ತೆ. ನೀರು ಹೀರಿ ಊದಿಕೊಳ್ಳೋದರಿಂದ ಫಿಲ್ಟರಿನಲ್ಲಿ ಇಳಿಯೋದೂ ನಿಧಾನ. ಕಾಫಿ ನೂರಕ್ಕೆ ಐವತ್ತೊಂದರ ಕೆಳಗೆ ಹೋಗೋ ಹಾಗಿಲ್ಲ, ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು. ಅವರು ಹಾಕಿದ್ದಾರೆ. ಉಪ್ಪಾರಪೇಟೆಯವನನ್ನು ಬೈಯೋಕೆ ಏನೂ ಉಳಿದಿರಲಿಲ್ಲ, ಅದು ಅಂಜಿನಮ್ಮನಿಗೆ ಎಲ್ಲಕ್ಕಿಂತ ಬೇಜಾರಾದ ವಿಷಯ.

ಹಾಗಾದರೆ ಎಪ್ಪತ್ತು ಮೂವತ್ತು ಯಾವುದಿದ್ದರೂ ಕೊಡು ಅಂದಳು. ಅವನು ಅಷ್ಟು ಸುಲಭ ಅಲ್ಲ ಅಂದ. ಆ ಎಪ್ಪತ್ತರಲ್ಲಿ ಯಾವ ಬೀಜ, ಎಷ್ಟು ಹುರಿದಿದ್ದಾರೆ, ಎಷ್ಟು ನುಣ್ಣಗೆ ಬೀಸಿದ್ದಾರೆ ಅನ್ನೋದನ್ನ ಪ್ಯಾಕೆಟ್ಟು ಹೇಳಲ್ಲ. ಅರ್ಧ ಕೆಜಿ ಪ್ಯಾಕೆಟ್ಟಿನಲ್ಲಿ ಎಪ್ಪತ್ತು ಮೂವತ್ತರವು ಅವನಲ್ಲಿ ಮೂರು ಕಂಪನಿಯವು ಇದ್ದವು. ಮೂರರಿಂದಲೂ ಒಂದೊಂದು ಬಿಚ್ಚಿದ. ಅವಳು ರಬ್ಬರ್ ಬಿಚ್ಚಿ ತನ್ನ ಅರ್ಧ ಪ್ಯಾಕೆಟ್ಟು ಮುಂದಿಟ್ಟಳು.

ನಾಲ್ಕು ಗಾಜಿನ ಲೋಟಕ್ಕೆ ತಣ್ಣೀರು ಹುಯ್ದು, ಮೇಲೆ ಒಂದೊಂದು ಚಿಟಿಕೆ ಪುಡಿ ಉದುರಿಸಿದರು. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೆದುಕೊಂಡು ಕೆಳಗಿಳಿಯುತ್ತೆ. ಮೂರೂ ಹೆಚ್ಚುಕಮ್ಮಿ ಗಿರಿಕನ್ಯೆಯ ಹಾಗೇ ಗೆರೆ ಎಳೆದವು. ಪ್ಯಾಕೆಟ್ಟು ಸುಳ್ಳು ಹೇಳಿಲ್ಲ ಅಂತ ಮಾತ್ರ ಇದರಿಂದ ಗೊತ್ತಾಗುತ್ತೆ, ರುಚಿ ಗೊತ್ತಾಗಲ್ಲ ಅಂದ ವೇಣುಗೋಪಾಲ್. ಪುಡಿಯನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಹಾಕಿ ಬೆರಳಿನಿಂದ ಸವರಿ ನೋಡಿದರು. ಒಂದು ತರಿತರಿ, ಬಣ್ಣವೂ ಕಪ್ಪು. ಅದನ್ನು ಬದಿಗಿಟ್ಟರು. ಉಳಿದೆರಡನ್ನು ಗಿರಿಕನ್ಯೆಯ ಜೊತೆ ಮೂರು ಪುಟ್ಟ ಫಿಲ್ಟರಿಗೆ, ತಕ್ಕಡಿಯಲ್ಲಿ ತೂಗಿ, ಒಂದೇ ಅಳತೆ ನೀರಿಗೆ ಹಾಕಿದರು.

ಇಳಿಯೋ ತನಕ ಅಂಜಿನಮ್ಮ ಮೂರು ಸಲ ಎದ್ದು ಕೂತಳು. ಗಲ್ಲಾ ಮೇಲಿದ್ದ ಏಲಕ್ಕಿ ಡಬ್ಬ ಸರಿಯಾಗಿ ಜೋಡಿಸಿದಳು, ಅವನು ಬೇಡ ಅಂದ ಮೇಲೂ. ಅಕ್ಕ, ನಿಮ್ಮನ್ನ ಕಟ್ಟಿಹಾಕೋಕೆ ರಬ್ಬರ್ ಇಲ್ಲ ನನ್ನ ಹತ್ರ ಅಂತ ವೇಣುಗೋಪಾಲ್ ರೇಗಿಸಿದ. ಅವಳಿಗೆ ಕೇಳಿಸಲಿಲ್ಲ. ನಾಳೆ ಈ ಹೊತ್ತಿಗೆ ಮೆಷಿನ್‌ನವನು ಶೆಲ್ಫಿನ ಅಳತೆ ತಗೊಳ್ಳುತ್ತಿರುತ್ತಾನೆ, ತಾನು ಮತ್ತೆ ಎರಡು ಕ್ಯಾನು ಕಟ್ಟಿಕೊಂಡು ಮೂರನೇ ಮಹಡಿಯ ಕ್ಲಿನಿಕ್ಕಿಗೆ ಹತ್ತುತ್ತಿರುತ್ತೀನಿ ಅಂತ ಮಂಡಿ ಆಗಲೇ ಲೆಕ್ಕ ಹಾಕುತ್ತಿತ್ತು.

ಕುಡಿದು ನೋಡೋದು ಅವಳ ಕೆಲಸ, ಅವನಿಗೆ ಆಸಿಡಿಟಿ. ಬರೀ ಡಿಕಾಕ್ಷನ್ ಮೊದಲು, ಆಮೇಲೆ ಹಾಲು ಹಾಕಿ. ಮೊದಲನೆಯದರಲ್ಲಿ ಘಮ ಇತ್ತು, ನಾಲಿಗೆ ಮೇಲೆ ನಿಲ್ಲಲಿಲ್ಲ. ಎರಡನೆಯದು, ಸುಪ್ರಭ ಅನ್ನೋ ಹಸಿರು ಪ್ಯಾಕೆಟ್ಟು, ಗಿರಿಕನ್ಯೆಗೆ ತಂಗಿ ಥರ ಇತ್ತು. ಒಂದು ಕೂದಲೆಳೆ ತೆಳು. ವೇಣುಗೋಪಾಲ್, ಕೆಜಿಗೆ ಒಂದು ಹಿಡಿ ಪುಡಿ ಜಾಸ್ತಿ ಹಾಕಿ, ಮೊದಲ ಸಲ ನೀರು ಸ್ವಲ್ಪವೇ ಹುಯ್ದು ನೆನೆಯಲಿ, ಆಮೇಲೆ ಉಳಿದದ್ದು ಹುಯ್ಯಿರಿ ಅಂದ. ಅವಳು ಅಲ್ಲೇ ಇನ್ನೊಂದು ಸಲ ಹಾಗೇ ಮಾಡಿಸಿ ನೋಡಿದಳು. ಆಗ ಕೂದಲೆಳೆಯೂ ಕಾಣಲಿಲ್ಲ. ಅಥವಾ ಅಷ್ಟು ಹೊತ್ತಿಗೆ ಏಳು ಲೋಟ ಕುಡಿದ ನಾಲಿಗೆಗೆ ಯಾವುದೂ ಕಾಣುತ್ತಿರಲಿಲ್ಲ.

ಬುಧವಾರ ಡಿಕಾಕ್ಷನ್ ಹೊತ್ತಿಗೆ ಸರಿಯಾಗಿ ಇಳಿಯಿತು. ಸೊಸೈಟಿಯಲ್ಲಿ ಒಲೆ ಹಚ್ಚುವಾಗ ರಕ್ಷಿತಾ ಬಂದು ಹಸಿರು ಪ್ಯಾಕೆಟ್ಟು ನೋಡಿ ಮುಖ ಸಣ್ಣದು ಮಾಡಿದಳು. ಹಳೇ ಮರೂನ್ ಪ್ಯಾಕೆಟ್ಟಿಗೆ ಇದನ್ನ ಸುರಿದು ಶೆಲ್ಫಿನಲ್ಲಿಡಿ ಆಂಟಿ, ಯಾರಿಗೆ ಗೊತ್ತಾಗುತ್ತೆ ಅಂದಳು. ಉಪಾಯ ಕೆಟ್ಟದ್ದಲ್ಲ. ಅಂಜಿನಮ್ಮ ಒಂದು ಕ್ಷಣ ಯೋಚಿಸಿದಳು ಕೂಡ. ಆದರೆ ಮರೂನ್ ನಂಬಿ ಮಂಗಳವಾರ ಪಟ್ಟ ಪಾಡು ಮನಸ್ಸಲ್ಲಿ ಹಾಗೇ ಇತ್ತು. ಹಸಿರು ಪ್ಯಾಕೆಟ್ಟನ್ನು ಸದ್ಯಕ್ಕೆ ಚೀಲದಲ್ಲಿಟ್ಟಳು. ಮೊದಲು ಕುಡಿಯಲಿ, ಆಮೇಲೆ ಕೇಳಿದರೆ ಹೇಳಿದರಾಯಿತು. ಕೇಳದೇ ಹೇಳೋದು ವ್ಯಾಪಾರದಲ್ಲಿಲ್ಲ.

ಕಪ್ಪುಗಳು ಬರೋಕೆ ಶುರುವಾದವು. ಖಾಲಿ. ಖಾಲಿ. ಒಂದರಲ್ಲಿ ಅರ್ಧ ಇತ್ತು, ಅವಳು ಬಗ್ಗಿ ಮೂಸಿ ನೋಡಿದಳು. ಅಷ್ಟರಲ್ಲಿ ಒಬ್ಬ ಫೋನಿನಲ್ಲಿ ಮಾತಾಡ್ತಾ ಬಂದು, ಅದು ನಂದು ಅಂತ ಎತ್ತಿಕೊಂಡು ಹೋದ.

ಶೈಲಜಮ್ಮ ಕೊನೆಗೆ ಕರೆಸಿದರು. ಆಕೆಯ ಕಪ್ಪು ಖಾಲಿಯಾಗಿತ್ತು. ಪ್ಯಾಕೆಟ್ಟು ತಗೊಂಡು ಬನ್ನಿ ಅಂದರು.

ಕೇಳಿಬಿಟ್ಟರು. ಅಂಜಿನಮ್ಮ ಚೀಲದಿಂದ ಮೂರೂ ತೆಗೆದು, ಮುಖ ಕೆಳಗೆ ಮಾಡಿ, ಟೇಬಲ್ ಮೇಲೆ ಸಾಲಾಗಿಟ್ಟಳು. ಇದು ರಾಮಾಂಜಿನಪ್ಪನ ಪ್ಯಾಕೆಟ್ಟು, ಇನ್ಮೇಲೆ ಸಿಗಲ್ಲ. ಇದು ಅದೇ ಹೆಸರಿನ ದೊಡ್ಡದು, ನಿನ್ನೆ ನೀವು ಬೈದದ್ದು. ಇದು ಬೇರೆಯವರದ್ದು, ಇವತ್ತು ನೀವು ಕುಡಿದದ್ದು. ಹೆಸರು ಬೇರೆ, ಅಂಕಿ ಒಂದೇ, ಮಿಕ್ಕಿದ್ದು ನಾಲಿಗೆಯಲ್ಲಿ ನೋಡಿ ತಂದಿದ್ದೀನಿ ಮೇಡಂ ಅಂದಳು. ಶೈಲಜಮ್ಮ ಕನ್ನಡಕ ಹಾಕಿಕೊಂಡು ಮೂರೂ ಸಾಲನ್ನು ಓದಿದರು. ನಿನ್ನೆಯದರ ಮೇಲೆ ಬೆರಳಿಟ್ಟು, ಇದನ್ನ ಯಾಕೆ ಮುಂಚೆ ನೋಡ್ಲಿಲ್ಲ ಅಂತ ಕೇಳಿದರು. ಅಗ್ಗಕ್ಕೆ ಸಿಕ್ತು ಮೇಡಂ ಅಂದಳು ಅಂಜಿನಮ್ಮ. ಬೇರೆ ಉತ್ತರ ಹುಡುಕಿದ್ದಳು, ಯಾವುದೂ ಇದಕ್ಕಿಂತ ಚಿಕ್ಕದಿರಲಿಲ್ಲ.

ಶೈಲಜಮ್ಮನ ಬಾಯಿಯ ಒಂದು ಮೂಲೆ ಅಲ್ಲಾಡಿದ ಹಾಗಾಯಿತು. ರಕ್ಷಿತಾಳನ್ನು ಕರೆದು ಒಪ್ಪಂದದ ಕಾಗದ ಟೈಪ್ ಮಾಡೋಕೆ ಹೇಳಿದರು. ರಕ್ಷಿತಾ, ಪುಡಿಯ ಹೆಸರು ಯಾವುದು ಹಾಕಲಿ ಮೇಡಂ ಅಂದಳು.

"ಹೆಸರು ಬೇಡ" ಅಂದರು ಶೈಲಜಮ್ಮ. "ಕಾಫಿ ಎಪ್ಪತ್ತಕ್ಕೆ ಕಮ್ಮಿ ಇರಬಾರದು, ಚಿಕೋರಿ ಮೂವತ್ತಕ್ಕೆ ಜಾಸ್ತಿ ಇರಬಾರದು ಅಂತ ಹಾಕು. ಪ್ಯಾಕೆಟ್ ಬದಲಾದಾಗಲೆಲ್ಲ ಹಿಂಬದಿಯ ಫೋಟೋ ಕೊಡಬೇಕು, ಅದನ್ನೂ ಸೇರಿಸು. ಒಂದು ವರ್ಷ."

ಅಂಜಿನಮ್ಮ ಸಹಿ ಮಾಡಿದಳು. ಮೆಟ್ಟಿಲ ಕೆಳಗಿನ ಶೆಲ್ಫು ಅವಳದ್ದಾಯಿತು, ಮಂಡಿಗೆ ನೆಮ್ಮದಿಯಾಯಿತು. ಉಳಿದ ಅಂಜಿನಮ್ಮನಿಗೆ ಆಗಲಿಲ್ಲ. ಸಹಿಯ ಶಾಯಿ ಒಣಗೋ ಮುಂಚೆ ಅವಳ ತಲೆಯಲ್ಲಿ ಸುಪ್ರಭದವನೂ ಅರ್ಧ ಕೆಜಿ ನಿಲ್ಲಿಸಿಬಿಟ್ಟರೆ ಅನ್ನೋದು ಹೊಕ್ಕಿತ್ತು. ಐವತ್ತಮೂರರ ಕೆಜಿಯಲ್ಲಿ ಉಳಿಯುತ್ತಿದ್ದ ದುಡ್ಡು ಇನ್ನು ಕನಸಲ್ಲೂ ಮುಟ್ಟೋ ಹಾಗಿಲ್ಲ ಅನ್ನೋದೂ ಹೊಕ್ಕಿತ್ತು. ಕಾಗದ ತನ್ನ ಪರವಾಗಿದೆಯೋ ತನ್ನನ್ನೇ ಕಟ್ಟಿಹಾಕಿದೆಯೋ ಅಂತ ತಿರುಗಿಸಿ ತಿರುಗಿಸಿ ನೋಡಿದಳು.

ಮಧ್ಯಾಹ್ನದ ಕಾಫಿ ಮುಗಿಸಿ, ಕ್ಯಾನು ತೊಳೆದಿಟ್ಟು, ಸಂಪಿಗೆ ರಸ್ತೆಯ ಕಿರಾಣಿ ಅಂಗಡಿಗಳ ಸಾಲಿಗೆ ಹೋದಳು. ಏನೂ ಕೊಳ್ಳಲಿಲ್ಲ. ಒಂದೊಂದು ಅಂಗಡಿಯಲ್ಲೂ ಕಾಫಿ ಪುಡಿ ತೋರಿಸಿ ಅಂದು, ಕೊಟ್ಟದ್ದನ್ನು ಬೋರಲು ಮಾಡಿ, ಅಂಕಿ ಓದಿ, ಫೋನಿನಲ್ಲಿ ಫೋಟೋ ಹೊಡೆದುಕೊಂಡಳು. ಮೂರನೇ ಅಂಗಡಿಯವನು, ಫುಡ್ ಇನ್ಸ್‌ಪೆಕ್ಟರಾ ತಾವು ಅಂತ ಎದ್ದು ನಿಂತ. ಅಂಜಿನಮ್ಮ ಅಂಕಿಯ ಫೋಟೋ ಹೊಡೆದಳು. ಇನ್ನೊಂದು ಪ್ಯಾಕೆಟ್ಟು ಇಳಿಸಪ್ಪ, ಆ ಮೇಲಿಂದು ಅಂದಳು.